ಮೂರು ವಿನಿಮಯ ದರಗಳ ನಡುವಿನ ಲಾಭ: ಲೆಕ್ಕ ತಿಳಿದವರು ಹೇಳಿ

ಪ್ರಶ್ನೆ: ಡಾಲರ್, ಪೌಂಡ್, ಯೂರೋಗಳ ದರ ಕೊಟ್ಟು ತ್ರಿಕೋನ ಆರ್ಬಿಟ್ರಾಜ್ ಲಾಭ, ಅಂದರೆ ಒಂದು ನಾಣ್ಯವನ್ನು ಉಳಿದೆರಡರ ಮೂಲಕ ಸುತ್ತಿಸಿ ಮತ್ತೆ ಅದಕ್ಕೇ ಬದಲಿಸಿದಾಗ ಉಳಿಯುವ ಲಾಭ ಕೇಳಿದರೆ ಯಾವ ಕಡೆಯಿಂದ ಹೊರಡಬೇಕೆಂದು ತಿಳಿಯುವುದಿಲ್ಲ. ಆ ಲಾಭ ನಿಜಕ್ಕೂ ಸಿಗುತ್ತದೆಯೇ? ಸಿಕ್ಕರೆ ಏಕೆ ಉಳಿಯುವುದಿಲ್ಲ?

ಬ್ಯಾಂಕಿನ ವಿದೇಶಿ ವಿನಿಮಯ ವಿಭಾಗದಿಂದ ನಿವೃತ್ತರಾದವರು: ಒಂದು ಪೌಂಡಿಗೆ 1.25 ಡಾಲರ್, ಒಂದು ಯೂರೋಗೆ 1.10 ಡಾಲರ್ ಇದೆ ಎಂದಿಟ್ಟುಕೊಳ್ಳಿ. 1.10 ಅನ್ನು 1.25ರಿಂದ ಭಾಗಿಸಿದರೆ ಒಂದು ಯೂರೋ 0.88 ಪೌಂಡ್ ಬಾಳಬೇಕು. ಪೇಟೆಯಲ್ಲಿ ಅದು 0.875ಕ್ಕೇ ಸಿಗುತ್ತಿದ್ದರೆ ಪೌಂಡ್ ಕೊಟ್ಟು ಯೂರೋ ಕೊಳ್ಳುವುದು ಅಗ್ಗ. ದಿಕ್ಕನ್ನು ನಿರ್ಧರಿಸುವುದು ಈ ಒಂದು ಹೋಲಿಕೆಯೇ. ಹತ್ತು ಲಕ್ಷ ಡಾಲರಿಗೆ 8,00,000 ಪೌಂಡ್ ಬರುತ್ತದೆ, ಅದಕ್ಕೆ 9,14,286 ಯೂರೋ, ಅದನ್ನು ಮಾರಿದರೆ 10,05,714 ಡಾಲರ್. ಇದೇ ಸುತ್ತನ್ನು ಹಿಮ್ಮುಖವಾಗಿ ಹಾಕಿದರೆ ಹೆಚ್ಚುಕಡಿಮೆ ಅಷ್ಟೇ ನಷ್ಟವಾಗುತ್ತದೆ.

ಎಂ.ಕಾಂ. ವಿದ್ಯಾರ್ಥಿನಿ: ಎಲ್ಲರೂ ಹೀಗೆ ಯೂರೋ ಕೊಳ್ಳುವುದರಿಂದ 0.875 ಏರಿ 0.88ಕ್ಕೆ ಬಂದು ನಿಲ್ಲುತ್ತದೆ, ಉಳಿದೆರಡು ದರಗಳು ಇದ್ದಲ್ಲೇ ಇರುತ್ತವೆ ಎಂದು ನಾನು ಓದಿಕೊಂಡಿದ್ದೇನೆ.

ನಿವೃತ್ತರು: ಏರುತ್ತದೆ ಎಂಬುದು ಸರಿ, ಉಳಿದೆರಡು ಕದಲುವುದಿಲ್ಲ ಎಂಬುದು ಸರಿಯಲ್ಲ. ಈ ಸುತ್ತಿನಲ್ಲಿ ಡಾಲರ್ ಕೊಟ್ಟು ಪೌಂಡ್ ಕೊಳ್ಳುವುದರಿಂದ 1.25 ಮೇಲಕ್ಕೆ ಹೋಗುತ್ತದೆ, ಕೊನೆಯಲ್ಲಿ ಯೂರೋ ಮಾರುವುದರಿಂದ 1.10 ಕೆಳಗಿಳಿಯುತ್ತದೆ. ಹಾಗಾಗಿ ನಾವು ಭಾಗಿಸಿ ಪಡೆದ 0.88 ಕೂಡ ಇಳಿಯುತ್ತಾ ಬಂದು, ಏರುತ್ತಿರುವ ಪೇಟೆ ದರವನ್ನು ನಡುವೆಲ್ಲೋ ಸಂಧಿಸುತ್ತದೆ.

ದುಬೈನಲ್ಲಿರುವವರು: ನಾನು ಮಂಗಳೂರಿನ ಮನೆಗೆ ಹಣ ಕಳುಹಿಸುವಾಗ ದಿರ್ಹಮನ್ನು ಮೊದಲು ಡಾಲರಿಗೆ, ಆಮೇಲೆ ರೂಪಾಯಿಗೆ ಬದಲಿಸಿ ನೋಡಿದೆ. ನೇರವಾಗಿ ಕಳುಹಿಸಿದ್ದಕ್ಕಿಂತ ಕಡಿಮೆಯೇ ಬಂದಿತು. ಈ ಲಾಭವೆಲ್ಲ ಪುಸ್ತಕದ್ದೇ ಎಂದು ನನ್ನ ಅಭಿಪ್ರಾಯ.

ನಿವೃತ್ತರು: ನೀವು ಹಣ ರವಾನೆಯ ಮಾತಾಡುತ್ತಿದ್ದೀರಿ, ಪ್ರಶ್ನೆ ಅದಲ್ಲ, ಆದರೂ ನಿಮ್ಮ ಅನುಭವದಲ್ಲಿ ಒಂದು ಮುಖ್ಯ ಸಂಗತಿಯಿದೆ. ದಿರ್ಹಮ್ ಡಾಲರಿಗೆ 3.6725ರಂತೆ ಕಟ್ಟಿಹಾಕಿದ ನಾಣ್ಯವಾದ್ದರಿಂದ ಅಲ್ಲಿ ಅಂತರ ಹುಟ್ಟುವುದೇ ಅಪರೂಪ, ಮೇಲಾಗಿ ನೀವು ಕೊಳ್ಳುವ ಮತ್ತು ಮಾರುವ ದರಗಳ ನಡುವಿನ ವ್ಯತ್ಯಾಸವನ್ನು ಎರಡು ಸಲ ತೆತ್ತಿದ್ದೀರಿ. ದೊಡ್ಡ ಪೇಟೆಯಲ್ಲೂ ಲಾಭವನ್ನು ತಿನ್ನುವುದು ಅದೇ. ಯೂರೋದ ಮಧ್ಯದ ದರ 0.8799 ಪೌಂಡ್ ಎಂದು ಕಂಡರೆ ಹತ್ತು ಲಕ್ಷಕ್ಕೆ 114 ಡಾಲರ್ ಲಾಭ ತೋರುತ್ತದೆ. ಆದರೆ ನಮಗೆ ಪೌಂಡ್ ಸಿಗುವುದು 1.2501ಕ್ಕೆ, ಯೂರೋ 0.8800ಕ್ಕೆ, ಕೊನೆಗೆ ಯೂರೋ ಮಾರಿಹೋಗುವುದು 1.0999ಕ್ಕೆ ಎಂದಾದರೆ ಕೈಗೆ ಬರುವುದು 9,99,829 ಡಾಲರ್, ಅಂದರೆ 171 ಡಾಲರ್ ನಷ್ಟ. ಪರೀಕ್ಷೆಯ ಲೆಕ್ಕದಲ್ಲಿ ಎರಡೆರಡು ದರ ಕೊಟ್ಟಿದ್ದರೆ ಪ್ರತಿ ಹಂತದಲ್ಲೂ ನಿಮಗೆ ಅನನುಕೂಲವಾದದ್ದನ್ನೇ ಹಿಡಿಯಿರಿ.

ವಿದ್ಯಾರ್ಥಿನಿ: ಮೂರು ದರಗಳಲ್ಲಿ ಯಾವುದು ಹೆಚ್ಚು ಕದಲುತ್ತದೆಂದು ಮೊದಲೇ ಹೇಳಬಹುದೇ?

ನಿವೃತ್ತರು: ವಹಿವಾಟು ತೆಳುವಾಗಿರುವ ಜೋಡಿಯೇ ಹೆಚ್ಚು ಕದಲುತ್ತದೆ ಎಂಬುದು ನಮ್ಮ ಡೆಸ್ಕಿನ ರೂಢಿಯ ಮಾತು, ಆದರೆ ಸುದ್ದಿ ಬಂದ ಕ್ಷಣದಲ್ಲಿ ಅದು ತಲೆಕೆಳಗಾದದ್ದನ್ನೂ ಕಂಡಿದ್ದೇನೆ. ಬೇರೆಯವರು ಏನನ್ನುತ್ತಾರೋ ನೋಡೋಣ.