ಆರ್ಡರ್ ಮುಗಿಸಿದವರಿಗೂ ‘ಕಾರ್ಟ್ ಬಾಕಿ ಇದೆ’ ಎಂಬ ನೋಟಿಫಿಕೇಶನ್ ಹೋಗುತ್ತಿದೆ, ಪರಿಹಾರವೇನು?

ಗಿರಿಪುಡಿ (ಚಿಕ್ಕಮಗಳೂರು): ನಮ್ಮ ಕಾಫಿಪುಡಿ ಅಂಗಡಿಯ ಆ್ಯಪ್‌ನಲ್ಲಿ ಕಾರ್ಟ್‌ಗೆ ಸಾಮಾನು ಹಾಕಿ ಹಾಗೆಯೇ ಬಿಟ್ಟವರಿಗೆ ಒಂದು ಗಂಟೆಯ ನಂತರ ನೆನಪಿನ ಸಂದೇಶ ಕಳುಹಿಸುತ್ತೇವೆ. ಮೂಡಿಗೆರೆ ಕಡೆಯ ಹಿರಿಯ ಗ್ರಾಹಕರೊಬ್ಬರು ಫೋನ್ ಮಾಡಿ, ‘ದುಡ್ಡು ಕಟ್ಟಿ ಆದ ಮೇಲೂ ಕಟ್ಟಿ ಅಂತೀರಲ್ಲ, ಮೊದಲಿನ ದುಡ್ಡು ಎಲ್ಲಿ ಹೋಯಿತು?’ ಎಂದು ರೇಗಿದರು. ಲಾಗ್ ನೋಡಿದರೆ ಅವರು ಹಣ ಕಟ್ಟುವುದಕ್ಕೆ ಮೊದಲೇ ಸಂದೇಶ ಯಶಸ್ವಿಯಾಗಿ ಹೋಗಿದೆ. ಇಂಥ ದೂರು ಇದೊಂದೇ ಅಲ್ಲ, ನನಗೆ ಸಾಕಾಗಿ ಹೋಗಿದೆ.

ಹೇಮಾವತಿ ದಂಡೆ (ಹಾಸನ): ಇದು ಖಂಡಿತವಾಗಿಯೂ ಫೋನಿನ ಬ್ಯಾಟರಿ ಉಳಿತಾಯದ ಕೆಲಸ. ಆ್ಯಪ್‌ಗೆ ‘ನಿರ್ಬಂಧವಿಲ್ಲ’ ಎಂಬ ಅನುಮತಿ ಕೊಡುವಂತೆ ಗ್ರಾಹಕರಿಗೆ ಹೇಳಿ.

ಬಾಬಾಬುಡನ್ ಕೋಡ್: ಬ್ಯಾಟರಿ ಉಳಿತಾಯದಿಂದಲೂ ಸಂದೇಶ ತಡವಾಗುವುದುಂಟು. ಆದರೆ ಪ್ರತಿಯೊಬ್ಬ ಗ್ರಾಹಕರ ಸೆಟ್ಟಿಂಗ್ ಬದಲಿಸುವುದು ನಮ್ಮ ಕೈಯಲ್ಲಿಲ್ಲ. ಸಂದೇಶದ ಪೂರ್ತಿ ಪಠ್ಯ ಯಾವುದು? ಅವರು ಹಣ ಕಟ್ಟಿದ್ದು ಅದೇ ಫೋನಿನಿಂದಲೇ?

ಗಿರಿಪುಡಿ: ಪಠ್ಯ ಹೀಗಿದೆ: ‘ಪ್ರಿಯ ಗ್ರಾಹಕರೇ, ತಾವು ನಮ್ಮಲ್ಲಿ ಆಯ್ದುಕೊಂಡ ವಸ್ತುಗಳಿಗೆ ಇನ್ನೂ ಹಣ ಪಾವತಿಸಿಲ್ಲ. ಇಂದು ರಾತ್ರಿ 9ರೊಳಗೆ ಪಾವತಿಸಿ.’ ಹಣ ಕಟ್ಟಿದ್ದು ಹಾಸನದಲ್ಲಿರುವ ಅವರ ಮಗ, ಅದೇ ಖಾತೆಯಿಂದ ನಮ್ಮ ವೆಬ್‌ಸೈಟ್‌ನಲ್ಲಿ. ಅದು ಮುಖ್ಯವೆಂದು ನನಗೆ ತೋರಲಿಲ್ಲ.

ಸಕಲೇಶಪುರ ಮೆಣಸು: ನಾವು ಮೊದಲ ಸಂದೇಶದಲ್ಲೇ ಶೇ. 10 ರಿಯಾಯಿತಿ ಕೂಪನ್ ಕೊಡುತ್ತೇವೆ, ಏಲಕ್ಕಿಯೂ ಕಾಳುಮೆಣಸೂ ಚೆನ್ನಾಗಿ ಹೋಗುತ್ತವೆ. ನೀವೂ ಕೂಪನ್ ಹಾಕಿ ನೋಡಿ.

ಹೇಮಾವತಿ ದಂಡೆ: ಹಾಗೆ ಮಾಡಿದರೆ ಗ್ರಾಹಕರು ಕೂಪನ್‌ಗಾಗಿಯೇ ಕಾರ್ಟ್ ಬಿಟ್ಟು ಕಾಯುವುದನ್ನು ಕಲಿಯುತ್ತಾರೆ. ಪೂರ್ತಿ ಬೆಲೆಗೆ ಕೊಳ್ಳುತ್ತಿದ್ದವರೂ ಕೈತಪ್ಪುತ್ತಾರೆ.

ಸಕಲೇಶಪುರ ಮೆಣಸು: ನಮ್ಮಲ್ಲಿ ಹಾಗೇನೂ ಆಗಿಲ್ಲ.

ಬಾಬಾಬುಡನ್ ಕೋಡ್: ಕೂಪನ್ನಿಗೂ ಈ ದೂರಿಗೂ ಸಂಬಂಧವಿಲ್ಲ. ನಡೆದದ್ದು ಬಹುಶಃ ಹೀಗೆ: ಆ ಹಿರಿಯರು ಪೇಟೆಯಲ್ಲಿದ್ದಾಗ ಕಾರ್ಟ್ ತುಂಬಿ, ಸಿಗ್ನಲ್ ಇಲ್ಲದ ತೋಟದ ಮನೆಗೆ ಮರಳಿದ್ದಾರೆ. ಒಂದು ಗಂಟೆಯ ನಂತರ ನಿಮ್ಮ ಸರ್ವರ್ ಸಂದೇಶವನ್ನು, ಫೋನುಗಳಿಗೆ ನೋಟಿಫಿಕೇಶನ್ ತಲುಪಿಸುವ ಗೂಗಲ್ ಸೇವೆಯಾದ ಎಫ್‌ಸಿಎಂಗೆ ಒಪ್ಪಿಸಿದೆ. ಲಾಗ್‌ನಲ್ಲಿ ಕಾಣುವ ‘ಯಶಸ್ವಿ’ ಎಂದರೆ ಅದು ಒಪ್ಪಿಕೊಂಡಿತು ಎಂದಷ್ಟೇ, ಫೋನಿಗೆ ತಲುಪಿತು ಎಂದಲ್ಲ. ಸಂಜೆ ಮಗ ಆರ್ಡರ್ ಮುಗಿಸಿದ್ದಾರೆ. ಮರುದಿನ ಅಪ್ಪನ ಫೋನಿಗೆ ಸಿಗ್ನಲ್ ಸಿಕ್ಕ ಕೂಡಲೇ ಹಿಂದಿನ ದಿನದ ಸಂದೇಶ ಬಂದು ಕೂತಿದೆ. ಅವಧಿಯನ್ನು ನೀವೇ ಹೇಳದಿದ್ದರೆ ತಲುಪದ ಸಂದೇಶವನ್ನು ಎಫ್‌ಸಿಎಂ 4 ವಾರಗಳವರೆಗೆ ಇಟ್ಟುಕೊಂಡಿರುತ್ತದೆ. ಕಳುಹಿಸುವ ಸಂದೇಶದಲ್ಲಿ ಇದನ್ನು ಸೇರಿಸಿ:

```
"android": {
  "ttl": "7200s",
  "collapse_key": "cart"
}
```

ಎರಡು ಗಂಟೆಯೊಳಗೆ ತಲುಪದಿದ್ದರೆ ಸಂದೇಶ ತಾನಾಗಿ ರದ್ದಾಗುತ್ತದೆ. `collapse_key` ಸಾಲು, ಇನ್ನೂ ತಲುಪದೆ ಕಾದಿರುವ ಹಳೆಯ ನೆನಪಿನ ಜಾಗದಲ್ಲಿ ಹೊಸದನ್ನು ಇರಿಸುತ್ತದೆ. ಪರೀಕ್ಷಿಸಲು `ttl` ಅನ್ನು `120s` ಮಾಡಿ, ಫೋನನ್ನು ಏರೋಪ್ಲೇನ್ ಮೋಡ್‌ಗೆ ಹಾಕಿ ಸಂದೇಶ ಕಳುಹಿಸಿ, ಐದು ನಿಮಿಷ ಬಿಟ್ಟು ಮೋಡ್ ತೆಗೆಯಿರಿ. ಸಂದೇಶ ಬರಬಾರದು.

ಪಠ್ಯವನ್ನೂ ದಯವಿಟ್ಟು ಬದಲಿಸಿ. ಮಡಚಿದ ನೋಟಿಫಿಕೇಶನ್‌ನಲ್ಲಿ ಸಾಮಾನ್ಯವಾಗಿ ಒಂದೇ ಸಾಲು ಕಾಣುತ್ತದೆ, ಅದನ್ನೆಲ್ಲ ‘ಪ್ರಿಯ ಗ್ರಾಹಕರೇ, ತಾವು ನಮ್ಮಲ್ಲಿ’ ನುಂಗಿಬಿಡುತ್ತದೆ. ‘ಹಣ ಪಾವತಿಸಿಲ್ಲ’ ಎಂಬುದು ಸಾಲ ವಸೂಲಿಯಂತೆ ಕೇಳುತ್ತದೆ, ಆ ಹಿರಿಯರು ಗಾಬರಿಯಾದದ್ದು ಸಹಜ. ‘ಇಂದು ರಾತ್ರಿ 9’ ಎಂಬುದು ಮರುದಿನ ಓದಿದವರಿಗೆ ಸುಳ್ಳಾಗುತ್ತದೆ. ಶೀರ್ಷಿಕೆಯಲ್ಲಿ ‘ಪೀಬೆರಿ ಪುಡಿ 500 ಗ್ರಾಂ ನಿಮ್ಮ ಕಾರ್ಟ್‌ನಲ್ಲಿದೆ’, ಅದರ ಕೆಳಗೆ ‘ಆರ್ಡರ್ ಮುಗಿಸಲು ಇಲ್ಲಿ ಒತ್ತಿ’ ಎಂದಿದ್ದರೆ ಯಾವಾಗ ಓದಿದರೂ ಯಾರಿಗೂ ನೋವಾಗುವುದಿಲ್ಲ.

ಹೇಮಾವತಿ ದಂಡೆ: ಅವಧಿ ಎರಡೇ ಗಂಟೆಯಾದರೆ ತೋಟದ ಗ್ರಾಹಕರಿಗೆ ನೆನಪೇ ತಲುಪುವುದಿಲ್ಲವಲ್ಲ? ನಮ್ಮ ಕಡೆ ಅಂಥವರೇ ಹೆಚ್ಚು.

ಬಾಬಾಬುಡನ್ ಕೋಡ್: ಆ ಮಾತು ಒಪ್ಪತಕ್ಕದ್ದೇ. ಅವಧಿಯನ್ನು ಒಂದು ದಿನಕ್ಕೆ ಏರಿಸಿ, ಸಂದೇಶವನ್ನು ಡೇಟಾ ಸಂದೇಶವಾಗಿ ಕಳುಹಿಸಿ, ಆ್ಯಪ್ ಅದನ್ನು ತೋರಿಸುವ ಮೊದಲು ಕಾರ್ಟ್ ಇನ್ನೂ ತೆರೆದಿದೆಯೇ ಎಂದು ಸರ್ವರ್‌ಗೆ ಕೇಳುವಂತೆ ಮಾಡಬಹುದು. ಉತ್ತರ ಬರದಿದ್ದರೆ ತೋರಿಸದಿರುವುದೇ ಮೇಲು. ಆದರೆ ಇಲ್ಲಿ ನೀವು ಹೇಳಿದ ಬ್ಯಾಟರಿ ನಿರ್ಬಂಧ ನಿಜಕ್ಕೂ ಅಡ್ಡ ಬರಬಹುದು.

ಗಿರಿಪುಡಿ: ಏರೋಪ್ಲೇನ್ ಮೋಡ್ ಪರೀಕ್ಷೆ ಮಾಡಿದೆ, ಹಳೆಯ ಸಂದೇಶ ಬರಲಿಲ್ಲ. ಹೊಸ ಪಠ್ಯವನ್ನೂ ಹಾಕಿದ್ದೇನೆ, ಧನ್ಯವಾದ. ಆದರೆ ಚಿಕ್ಕಮಗಳೂರು ಪೇಟೆಯಲ್ಲೇ, ಒಳ್ಳೆಯ ಸಿಗ್ನಲ್ ಇರುವ ಇನ್ನೊಬ್ಬರಿಗೆ ಯುಪಿಐನಲ್ಲಿ ಹಣ ಕಟ್ಟಿದ ಮೇಲೂ ಸಂದೇಶ ಹೋಗಿದೆ. ಇದಕ್ಕೆ ನಿಮ್ಮ ವಿವರಣೆ ಹೊಂದುತ್ತಿಲ್ಲ.

ಬಾಬಾಬುಡನ್ ಕೋಡ್: ಅದು ಬೇರೆಯೇ ಕಾರಣವಿರಬೇಕು. ಹಣ ಬಂದದ್ದನ್ನು ನಿಮ್ಮ ಸರ್ವರ್ ಪಾವತಿ ಗೇಟ್‌ವೇಯಿಂದ ನೇರವಾಗಿ ತಿಳಿಯುತ್ತದೆಯೇ, ಅಥವಾ ಗ್ರಾಹಕರು ಯುಪಿಐ ಆ್ಯಪ್‌ನಿಂದ ನಿಮ್ಮ ಆ್ಯಪ್‌ಗೆ ಮರಳಿದಾಗ ಮಾತ್ರವೇ? ಎರಡನೆಯದಾದರೆ, ಹಣ ಕಟ್ಟಿ ಅಲ್ಲಿಂದಲೇ ಹೊರಟವರ ಕಾರ್ಟ್ ನಿಮ್ಮ ಲೆಕ್ಕದಲ್ಲಿ ಬಾಕಿಯಾಗಿಯೇ ಉಳಿಯುತ್ತದೆ. ಆ ಆರ್ಡರ್‌ನಲ್ಲಿ ಪಾವತಿ ದೃಢವಾದ ಸಮಯವನ್ನೂ ಸಂದೇಶ ಹೋದ ಸಮಯವನ್ನೂ ಇಲ್ಲಿ ಹಾಕಿ.