ಅರವತ್ತು ದಾಟಿದ ಮ್ಯಾಲೆ ಗಂಡ ಹೆಂಡತಿ ಕೂಡುವಾಗ ಉರಿ, ನೋವು: ಔಷಧ ಮೊದಲು ಯಾರಿಗೆ?

ಕೇಳಿದವರು, ಆಳಂದ ತಾಲೂಕು:
ನನಗ 61, ಮನಿಯವರಿಗೆ 66. ಮುಟ್ಟು ನಿಂತು ಹತ್ತು ವರ್ಷ ಆತು. ಕೂಡುವಾಗ ಉರಿ, ಮರುದಿನದ ತನಕ ನೋವು. ಅವರಿಗೆ ಶುಗರ್ ಅದ, ಮೊದಲಿನಂಗ ಗಟ್ಟಿ ಆಗಲ್ಲ. ಎರಡು ವರ್ಷದಿಂದ ಬಿಟ್ಟೇ ಬಿಟ್ಟೀವಿ, ಆದರ ಇಬ್ಬರಿಗೂ ಮನಸ್ಸದ. ಮೆಡಿಕಲ್‌ನಾಗ ಗುಳಿಗಿ ತರ್ತೀನಿ ಅಂತಾರ. ತಂದ್ರ ಸರಿ ಹೋಗ್ತದೇನ್ರಿ? ಗೊತ್ತಿದ್ದವರು ಹೇಳ್ರಿ.

ನಿವೃತ್ತ ನರ್ಸ್, ಸ್ತ್ರೀರೋಗ ವಿಭಾಗ, ಕಲಬುರಗಿ:
ಅಕ್ಕಾರ, ಗುಳಿಗಿ ಈಗಲೇ ತರಿಸಬ್ಯಾಡ್ರಿ. ಮೊದಲು ನಿಮ್ಮ ಉರಿ ಇಳೀಬೇಕು, ಆಮ್ಯಾಲೆ ಅವರ ಗುಳಿಗಿ ಮಾತು. ಇದನ್ನ ತಿರುವುಮುರುವು ಮಾಡಿದವರೇ ಗಾಯ ಮಾಡ್ಕೊಂಡು ದವಾಖಾನಿಗೆ ಬರ್ತಾರ. ಗುಳಿಗಿ ತಗೊಂಡ್ರ ಅವರದು ಗಟ್ಟಿ ಆಗ್ತದ, ಹೆಚ್ಚು ಹೊತ್ತು ನಿಲ್ತದ, ಖರೆ. ಆದರ ನಿಮ್ಮ ಒಳಗಿನ ಚರ್ಮ ತೆಳು ಇದ್ದದ್ದು ತೆಳುವೇ ಇರ್ತದ. ಯೋನಿಯ ಬಾಯಿ ಹತ್ರ ಹರೀತದ, ರಕ್ತ ಕಾಣ್ತದ. ಒಮ್ಮೆ ಹಂಗಾದ್ರ ಮುಂದ ಕೈ ಹಿಡೀಲಾಕೂ ಅಂಜಿಕಿ ಬರ್ತದ.

ಯೋನಿಯ ಒಳಗೋಡೆ ಈಸ್ಟ್ರೋಜೆನ್ ಅನ್ನೋ ಹಾರ್ಮೋನ್ ಮ್ಯಾಲೇ ನಿಂತದ್ದು. ಮುಟ್ಟು ನಿಂತು ಅದು ಇಳಿದ ಮ್ಯಾಲೆ ಗೋಡೆ ತೆಳು ಆಗ್ತದ, ಒಳಗಿನ ಮಡಿಕೆ ಹೋಗ್ತಾವ, ಹಿಗ್ಗೋದು ಕಡಿಮಿ ಆಗ್ತದ. ಮನಸ್ಸು ಎಷ್ಟೇ ಇದ್ರೂ ತೇವ ಬರೋದು ತಡ. ಹೆಂಡತಿಗೆ ಮನಸ್ಸಿಲ್ಲ ಅಂತ ಗಂಡ ತಿಳ್ಕೋತಾನ, ನನ್ನಾಗ ಏನೋ ಕೆಟ್ಟದ ಅಂತ ಹೆಂಡತಿ ತಿಳ್ಕೋತಾಳ, ಎರಡೂ ತಪ್ಪು. ಮೈ ಬಿಸಿ ಏರಿ ಬೆವರೋದು ವರ್ಷ ಕಳೆದಂಗ ಬಹಳ ಮಂದಿಗೆ ತಾನೇ ಇಳೀತದ. ಈ ಒಣಗೋದು ಹಂಗಲ್ಲ, ಸುಮ್ಮನ ಬಿಟ್ರ ಹೆಚ್ಚಾಗ್ತದ. ಮೂತ್ರ ಮಾಡುವಾಗ ಉರಿ, ಪದೇ ಪದೇ ಮೂತ್ರದ ಸೋಂಕು ಇದ್ರ ಅದಕ್ಕೂ ಇದೇ ಬೇರು ಇರಬಹುದು.

ಇವತ್ತಿನಿಂದ ಆಗೋ ಕೆಲಸ ಎರಡು. ಒಳಗ ಸಾಬೂನು, ಡೆಟಾಲು, ಸುವಾಸನೆ ಇರೋ ಯಾವ ವಾಶೂ ಹಚ್ಚಬ್ಯಾಡ್ರಿ, ಹೊರಗಷ್ಟೇ ಬರೀ ನೀರು ಸಾಕು. ಎರಡನೇದು, ಕೂಡುವಾಗ ನೀರಿನ ಜೆಲ್, ಲೂಬ್ರಿಕಂಟ್ ಅಂತ ಕೇಳ್ರಿ. ಒಂದು ಚಮಚದಷ್ಟು, ಇಬ್ಬರಿಗೂ. ನಡುವ ಒಣಗ್ತದ, ಆಗ ನಾಲ್ಕು ಹನಿ ನೀರು ಸೋಕಿಸಿದ್ರ ಮತ್ತ ಜಾರ್ತದ. "ಬಿಸಿ ಅನಿಸೋ" ಜೆಲ್ ತರಬ್ಯಾಡ್ರಿ, ತೆಳು ಚರ್ಮಕ್ಕ ಅದು ಉರೀತದ.

ಆದರ ಜೆಲ್ ಆ ಹೊತ್ತಿನ ಜಾರಿಕೆಗಷ್ಟೇ, ಚರ್ಮ ಮೊದಲಿನಂಗ ಮಾಡೋದಿಲ್ಲ. ಅದಕ್ಕ ಈಸ್ಟ್ರೋಜೆನ್ ಕ್ರೀಮ್ ಬೇಕು. ಎಸ್ಟ್ರಿಯಾಲ್ ಕ್ರೀಮ್ ಒಂದು ಗ್ರಾಂನಾಗ 1 ಮಿಲಿಗ್ರಾಂ ಔಷಧ ಇರೋದಾದ್ರ, ಸಾಮಾನ್ಯವಾಗಿ ಬರಕೊಡೋದು ದಿನಕ್ಕ ಅರ್ಧ ಗ್ರಾಂ, ಮಲಗೋ ಹೊತ್ತಿಗೆ. ಟ್ಯೂಬಿನ ಜೊತಿ ಬರೋ ನಳಿಗೆಯ ಗುರುತಿನ ತನಕ ತುಂಬಿಸಿ ಒಳಗ ಬಿಡೋದು. ನಳಿಗಿ ತಾಗಿದ್ರ ನೋವು ಅನ್ನೋರು ಬಟಾಣಿ ಕಾಳಿನಷ್ಟು ಬೆರಳ ತುದಿಗೆ ತಗೊಂಡು ಬಾಯಿಗೆ, ಸ್ವಲ್ಪ ಒಳಗ ಹಚ್ಚಲಿ. ಮೊದಲ ಎರಡು ಮೂರು ವಾರ ದಿನಾ, ಆಮ್ಯಾಲೆ ವಾರಕ್ಕ ಎರಡು ಸಲ. ಮೊದಲ ನಾಲ್ಕು ದಿನ ಸ್ವಲ್ಪ ಚುರುಗುಟ್ಟಬಹುದು, ಅಲ್ಲಿಗೇ ಬಿಡಬ್ಯಾಡ್ರಿ. ಪೂರ್ತಿ ಫಲ ಬರಲಾಕ ಎಂಟರಿಂದ ಹನ್ನೆರಡು ವಾರ. ನಿಲ್ಲಿಸಿದ್ರ ಒಣಗೋದು ಮತ್ತ ಬರ್ತದ. ಕೂಡೋ ಮೊದಲು ಜೆಲ್ ಬದಲಿಗೆ ಇದನ್ನೇ ಹಚ್ಚೋರು ಇದಾರ, ಅದು ತಪ್ಪು, ಅವರ ಮೈಗೂ ಹತ್ತುತದ.

ಆದರ ಒಮ್ಮೆ ಡಾಕ್ಟರ್ ಪರೀಕ್ಷೆ ಆಗದೇ ಕ್ರೀಮ್ ಶುರು ಮಾಡಬ್ಯಾಡ್ರಿ. ಮುಟ್ಟು ನಿಂತು ವರ್ಷದ ಮ್ಯಾಲೆ ಒಂದು ಹನಿ ರಕ್ತ ಕಂಡ್ರೂ ಮೊದಲು ಗರ್ಭಕೋಶ ನೋಡ್ಬೇಕು. ಮೊಸರು ಒಡೆದಂಗ ಬಿಳುಪು, ತುರಿಕೆ ಇದ್ರ ಅದು ಒಣಗಿದ್ದಲ್ಲ, ಫಂಗಸ್, ಅದಕ್ಕ ಬೇರೆ ಔಷಧ.

ಮೆಡಿಕಲ್ ಅಂಗಡಿಯವ, ಬೀದರ್:
ಇಷ್ಟೆಲ್ಲ ಯಾಕ್ರಿ? ಮರಗಟ್ಟಿಸೋ ಜೆಲ್ ಬರ್ತದ, ಲಿಗ್ನೋಕೇನು, ಸ್ವಲ್ಪ ಹಚ್ಚಿದ್ರ ನೋವೇ ಗೊತ್ತಾಗಲ್ಲ. ಇಲ್ಲಂದ್ರ ಮನಿಯಾಗಿನ ಕೊಬ್ಬರಿ ಎಣ್ಣಿ. ಹಾರ್ಮೋನ್ ಕ್ರೀಮ್ ಅಂದ್ರ ಕ್ಯಾನ್ಸರ್ ಭಯ, ನಾ ಯಾರಿಗೂ ಹೇಳಂಗಿಲ್ಲ. ಒಂದು ಮಾತು ಖರೆ: ನಾಲಗಿ ಕೆಳಗ ಇಡೋ ಎದಿ ಗುಳಿಗಿ ಇದ್ದವರಿಗೆ ಆ "ಗಟ್ಟಿ ಗುಳಿಗಿ" ನಾ ಕೊಡಂಗಿಲ್ಲ.

ನಿವೃತ್ತ ನರ್ಸ್, ಕಲಬುರಗಿ:
ಎದಿ ಗುಳಿಗಿ ಮಾತು ಸರಿ ಹೇಳಿದ್ರಿ. ಕೊಬ್ಬರಿ ಎಣ್ಣಿನೂ ನಡೀತದ, ಕಾಂಡೋಮ್ ಬಳಸೋರಿಗೆ ಮಾತ್ರ ಬ್ಯಾಡ, ಎಣ್ಣಿ ರಬ್ಬರ್ ಹರೀತದ.

ಮರಗಟ್ಟಿಸೋ ಜೆಲ್ ಮಾತ್ರ ತಾನೇ ತಾನಾಗಿ ಹಚ್ಚಬಾರದು. ಚರ್ಮ ಹರಿಯೋ ಹೊತ್ತಿಗೆ ಮೈ ಸಾಕು ಅನ್ನೋದು ನೋವಿನ ಮೂಲಕನೇ. ಅದನ್ನ ಮುಚ್ಚಿದ್ರ ಬೆಳಿಗ್ಗೆ ಗಾಯ ಕಾಣ್ತದ. ಮತ್ತ ಅವರಿಗೂ ತಾಗಿ ಇದ್ದಷ್ಟು ಗಟ್ಟಿತನಾನೂ ಹೋಗ್ತದ. ಕ್ರೀಮಿನ ವಿಷಯ: ಇಷ್ಟು ಕಡಿಮಿ ಪ್ರಮಾಣದ್ದು ರಕ್ತಕ್ಕ ಹೋಗೋದು ಭಾಳ ಕಮ್ಮಿ, ನುಂಗೋ ಹಾರ್ಮೋನ್ ಗುಳಿಗಿಗೂ ಇದಕ್ಕೂ ಸಾಟಿ ಇಲ್ಲ. ತನಗೇ ಸ್ತನದ ಕ್ಯಾನ್ಸರ್ ಆಗಿದ್ದವರ ಮಾತು ಬೇರೆ, ಅದನ್ನ ಅವರ ಕ್ಯಾನ್ಸರ್ ಡಾಕ್ಟರೇ ಹೇಳಬೇಕು.

ನಿವೃತ್ತ ಮಾಸ್ತರ್, ಯಾದಗಿರಿ:
ನನಗೂ 69. ಪ್ರಾಸ್ಟೇಟಿಗೆ ಟಾಮ್ಸುಲೋಸಿನ್ ಶುರು ಮಾಡಿದ ಮ್ಯಾಲೆ ಸುಖ ಆಗ್ತದ, ಆದರ ವೀರ್ಯನೇ ಬರಂಗಿಲ್ಲ. ಶಕ್ತಿ ಹೋಯ್ತಂತ ಅನಿಸ್ತದ. ಅಶ್ವಗಂಧ ತಗೋಬೇಕೇನ್ರಿ? ತಂಗಿಯವರ ಮನಿಯವರಿಗೂ ಅದೇ ಹೇಳ್ರಿ.

ಫಿಜಿಷಿಯನ್, ಕಲಬುರಗಿ:
ಮಾಸ್ತರೇ, ಆ ಮಾತ್ರೆಯಿಂದ ಹಾಗಾಗುವುದು ಗೊತ್ತಿರುವ ವಿಷಯ. ಅದರಿಂದ ಶಕ್ತಿ ಹೋಗುವುದಿಲ್ಲ, ದೇಹಕ್ಕೂ ಹಾನಿಯಿಲ್ಲ. ಸಹಿಸಲಾಗದಿದ್ದರೆ ಬರೆದುಕೊಟ್ಟ ಡಾಕ್ಟರನ್ನು ಕೇಳಿ, ತಾವಾಗಿ ನಿಲ್ಲಿಸಬೇಡಿ, ಮೂತ್ರ ಕಟ್ಟಬಹುದು. ನಿಮ್ಮ ಮಾತ್ರೆಯ ಜೊತೆ ನಿಮಿರುವಿಕೆಯ ಗುಳಿಗೆ ಸೇರಿದರೆ ಬಿ.ಪಿ. ಇಳಿದು ಎದ್ದಾಗ ತಲೆ ಸುತ್ತಬಹುದು, ಅದೂ ನೆನಪಿರಲಿ. ಆಳಂದದ ಅಕ್ಕನವರ ಪ್ರಶ್ನೆ ಬೇರೆ.

ಅಕ್ಕನವರೇ, ಯಜಮಾನರಿಗೆ ಎದೆನೋವು ಬರುತ್ತದೆಯೇ? ಏನೇನು ಮಾತ್ರೆ ನಡೆಯುತ್ತಿದೆ?

ಕೇಳಿದವರು:
ಶುಗರಿಂದು ಎರಡು, ಬಿ.ಪಿ.ದು ಒಂದು. ಮೆಟ್ಟಿಲು ಹತ್ತುವಾಗ ಎದಿ ಹಿಡೀತದ ಅಂತ ಹೋದ ವರ್ಷ ನಾಲಗಿ ಕೆಳಗ ಇಡೋ ಗುಳಿಗಿ ಕೊಟ್ಟಾರ. ಜೇಬಿನಾಗ ಇಟ್ಕೋತಾರ, ಬಂದಾಗಷ್ಟೇ.

ಫಿಜಿಷಿಯನ್, ಕಲಬುರಗಿ:
ಹಾಗಾದರೆ ಮೆಡಿಕಲ್‌ನಿಂದ ಆ ನಿಮಿರುವಿಕೆಯ ಗುಳಿಗೆ ತರುವ ಮಾತೇ ಬೇಡ. ಎದೆನೋವು ಬಂದಾಗಷ್ಟೇ ನಾಲಿಗೆ ಕೆಳಗೆ ಗುಳಿಗೆ ಇಡುವವರಲ್ಲೇ ಅಪಾಯ ಹೆಚ್ಚು, ಏಕೆಂದರೆ ಇದು ದಿನದ ಮಾತ್ರೆಗಳ ಪಟ್ಟಿಯಲ್ಲಿ ಇರುವುದಿಲ್ಲ, ಕೇಳಿದಾಗ ಹೇಳಲು ಮರೆಯುತ್ತಾರೆ. ಎರಡೂ ರಕ್ತನಾಳ ಸಡಿಲಿಸುತ್ತವೆ. ಒಟ್ಟಿಗೆ ಬಿದ್ದರೆ ಬಿ.ಪಿ. ಪಾತಾಳಕ್ಕೆ ಇಳಿಯುತ್ತದೆ. ನಿಮಿರುವಿಕೆಯ ಗುಳಿಗೆ ಸಿಲ್ಡೆನಾಫಿಲ್ ಆದರೆ ತೆಗೆದುಕೊಂಡ 24 ಗಂಟೆ, ಟಡಲಾಫಿಲ್ ಆದರೆ 48 ಗಂಟೆ, ನಾಲಿಗೆ ಕೆಳಗಿನ ಗುಳಿಗೆ ಮುಟ್ಟುವಂತಿಲ್ಲ. ಆ ಹೊತ್ತಿನಲ್ಲೇ ಎದೆನೋವು ಬಂದರೆ? ಅದಕ್ಕೇ ಬೇಡ ಎನ್ನುತ್ತಿದ್ದೇನೆ.

ಮೊದಲು ಹೃದಯದ ಡಾಕ್ಟರು. ಕಲಬುರಗಿಯಲ್ಲೇ ಜಯದೇವ ಸಂಸ್ಥೆ ಇದೆ. ನಿಮಿರುವ ತೊಂದರೆಯನ್ನೂ ಅಲ್ಲಿ ಹೇಳಬೇಕು, ಶುಗರ್ ಇದ್ದವರಲ್ಲಿ ಎದೆಯ ರಕ್ತನಾಳದ ಸುದ್ದಿಯನ್ನು ಅದೇ ಮೊದಲು ಹೇಳುವುದುಂಟು. ಎರಡು ಮಹಡಿ ಮೆಟ್ಟಿಲನ್ನು ಚುರುಕಾಗಿ ಹತ್ತಿದರೂ ಎದೆ ಹಿಡಿಯದಿದ್ದರೆ ಕೂಡುವ ಶ್ರಮ ಹೃದಯಕ್ಕೆ ಹೆಚ್ಚಾಗದು ಎಂದು ಸಾಮಾನ್ಯವಾಗಿ ಹೇಳುತ್ತೇವೆ. ನಿಮ್ಮವರಿಗೆ ಅಲ್ಲೇ ಹಿಡಿಯುತ್ತಿದೆ. ಆದ್ದರಿಂದ ಪರೀಕ್ಷೆಯಾಗುವ ತನಕ ಅಪ್ಪುಗೆ, ಕೈ ಸ್ಪರ್ಶ, ಸವರುವುದು ಇರಲಿ, ಶ್ರಮದ್ದು ಬೇಡ.

ನಾಲಿಗೆ ಕೆಳಗಿನ ಗುಳಿಗೆ ಇನ್ನು ಬೇಡವೆಂದು ಹೃದಯದವರು ಬರೆದುಕೊಟ್ಟರೆ ಮಾತ್ರ ಸಿಲ್ಡೆನಾಫಿಲ್, ಅದೂ ಈ ವಯಸ್ಸಿಗೆ 25 ಮಿಲಿಗ್ರಾಂನಿಂದ. ಒಂದು ಗಂಟೆ ಮೊದಲು, ಹೊಟ್ಟೆ ಹಗುರ ಇರುವಾಗ. ಎಣ್ಣೆ ತುಪ್ಪದ ಊಟದ ಮೇಲೆ ನುಂಗಿ "ಕೆಲಸ ಮಾಡಲಿಲ್ಲ" ಎಂದು ಇನ್ನೊಂದು ನುಂಗುವವರಿದ್ದಾರೆ, ಹಾಗೆ ಮಾಡಬಾರದು. ಮುಟ್ಟುವುದು, ಮುದ್ದಿಸುವುದು ಇಲ್ಲದೆ ಅದು ತಾನಾಗಿ ನಿಮಿರಿಸುವುದಿಲ್ಲ.

ಫಿಜಿಯೋಥೆರಪಿಸ್ಟ್, ಬೀದರ್:
ಕ್ರೀಮ್ ಹನ್ನೆರಡು ವಾರ ಹಚ್ಚಿ ಚರ್ಮ ಸರಿಹೋದ ಮೇಲೂ ಕೆಲವರಿಗೆ ನೋವು ಉಳಿಯುತ್ತದೆ. ಎರಡು ವರ್ಷ ನೋವನ್ನೇ ನಿರೀಕ್ಷಿಸಿದ ಮೈ, ಮುಟ್ಟುವ ಮೊದಲೇ ಕೆಳಗಿನ ಸ್ನಾಯು ಬಿಗಿ ಹಿಡಿಯುತ್ತದೆ. ಗುರುತು ಹೀಗೆ: ಒಣಗಿದ ನೋವು ಉರಿಯಂತಿರುತ್ತದೆ, ಸ್ನಾಯುವಿನ ನೋವು ಗೋಡೆಗೆ ಬಡಿದಂತೆ, ಬಾಯಲ್ಲೇ ತಡೆಯುತ್ತದೆ.

ಅದಕ್ಕೆ ಹೀಗೆ ಮಾಡಿ. ಒಬ್ಬರೇ ಇರುವಾಗ ಮಂಡಿ ಮಡಚಿ ಮಲಗಿ. ಹೊಟ್ಟೆ ಉಬ್ಬುವಂತೆ ಉಸಿರೆಳೆದು, ಬಿಡುವಾಗ ಮೂತ್ರ ಬಿಡುವಂತೆ ಕೆಳಗನ್ನು ಸಡಿಲಿಸಿ, ಐದು ನಿಮಿಷ. ಒಂದು ವಾರದ ಮೇಲೆ ಜೆಲ್ ಹಚ್ಚಿದ ಒಂದು ಬೆರಳನ್ನು ಉಸಿರು ಬಿಡುವಾಗ ಮೊದಲ ಗಿಣ್ಣಿನ ತನಕ ಇಟ್ಟು ಸುಮ್ಮನಿರಿ. ಬಿಗಿಯಾದರೆ ತೆಗೆಯಬೇಡಿ, ತಳ್ಳಲೂ ಬೇಡಿ, ಸಡಿಲವಾಗುವ ತನಕ ಕಾಯಿರಿ. ಉರಿ ಶುರುವಾದರೆ ಮಾತ್ರ ನಿಲ್ಲಿಸಿ. ಆರಾಮಾದ ಮೇಲೆ ಎರಡು ಬೆರಳು, ಆಮೇಲೆ ಬೇಕಿದ್ದರೆ ಅವರ ಬೆರಳು. ಕೂಡುವಾಗ ನೀವು ಮೇಲಿದ್ದರೆ ಅಥವಾ ಇಬ್ಬರೂ ಒಂದೇ ಕಡೆ ಹೊರಳಿ ಮಲಗಿದರೆ ಆಳ ನಿಮ್ಮ ಕೈಯಲ್ಲಿರುತ್ತದೆ. ಮಂಡಿನೋವಿದ್ದವರಿಗೆ ಹೊರಳಿ ಮಲಗುವುದೇ ಮೇಲು.

ಕೇಳಿದವರು:
ತಿಳೀತ್ರಿ. ದವಾಖಾನಿಯಾಗ ಏನಂತ ಹೇಳ್ಲಿ? ಜೋಡಿಗೆ ಸೊಸಿ ಬರ್ತಾಳ. ಮೊಮ್ಮಗಳು ನಮ್ಮ ಕೋಣಿಯಾಗೇ ಮಲಗ್ತಾಳ, ಅದೂ ಒಂದು.

ನಿವೃತ್ತ ನರ್ಸ್, ಕಲಬುರಗಿ:
ಸೊಸಿನ್ನ ಹೊರಗ ಕೂಡಿಸ್ರಿ. ಒಳಗ ಹೋಗಿ ಒಂದೇ ಮಾತು: "ಮುಟ್ಟು ನಿಂತು ಹತ್ತು ವರ್ಷ, ಗಂಡನ ಜೊತಿ ಕೂಡುವಾಗ ಉರಿ, ಮರುದಿನದ ತನಕ ನೋವು, ಒಳಗ ನೋಡ್ರಿ." ಬರೀ "ಉರಿ" ಅಂದ್ರ ಮೂತ್ರ ಪರೀಕ್ಷೆ ಬರದು ಕಳಿಸ್ತಾರ. "ಈ ವಯಸ್ಸಿನಾಗ ಯಾಕ" ಅಂತ ಯಾರಾದ್ರೂ ಅಂದ್ರ, "ನಮ್ಮಿಬ್ಬರಿಗೂ ಬೇಕಾಗ್ಯದ" ಅಂತ ಹೇಳ್ರಿ. ಅದರಾಗ ತಪ್ಪೇನಿಲ್ಲ. ಆಗಲೂ ನೋಡದಿದ್ರ ಬೇರೆ ಡಾಕ್ಟರ್ ಹತ್ರ ಹೋಗ್ರಿ. ಕಲಬುರಗಿ ಸರ್ಕಾರಿ ದವಾಖಾನಿ ಜಿಮ್ಸ್‌ನಾಗೂ ಸ್ತ್ರೀರೋಗ ಓ.ಪಿ.ಡಿ. ಅದ.

ಮೊಮ್ಮಗಳಿಗೆ ಬೇರೆ ಹಾಸಿಗಿ ಹಾಸ್ರಿ, ಮಗನಿಗೆ ಕಾರಣ ಹೇಳಬೇಕಾಗಿಲ್ಲ. ನಲವತ್ತು ವರ್ಷ ಅವರಿಗೆ ಕೋಣಿ ಕೊಟ್ಟವರು ನೀವು. ಹೊತ್ತು ರಾತ್ರಿನೇ ಆಗಬೇಕಂತಿಲ್ಲ. ಮೇ ತಿಂಗಳ ಸೆಕೆಯಾಗ ನಮ್ಮ ಕಡೆ ರಾತ್ರಿ ಯಾರಿಗೆ ಆರಾಮ ಇರ್ತದ? ಬೆಳಗಿನ ಜಾವ ಮೈ ಹಗುರ ಇರ್ತದ, ಊಟದ ಭಾರ ಇರಂಗಿಲ್ಲ.

ಮೆಡಿಕಲ್ ಅಂಗಡಿಯವ, ಬೀದರ್:
ಮರಗಟ್ಟಿಸೋ ಜೆಲ್ ಮಾತು ಹಿಂದಕ್ಕ ತಗೊಂಡೆ. ಆದರ ಡಾಕ್ಟರ್ ಸಾಹೇಬ್ರ, ಎದಿ ಗುಳಿಗಿ ನಿಲ್ಲದೇ ಇದ್ದವರು ಏನು ಮಾಡ್ಬೇಕು? ಗಟ್ಟಿ ಮಾಡೋ ಪಂಪ್ ಕೇಳ್ತಾರ, ಕೊಡಬೇಕೋ ಬ್ಯಾಡೋ ಗೊತ್ತಾಗಲ್ಲ.

ಫಿಜಿಷಿಯನ್, ಕಲಬುರಗಿ:
ಗಾಳಿ ಎಳೆಯುವ ಪಂಪಿಗೂ ಎದೆಯ ಗುಳಿಗೆಗೂ ಜಗಳವಿಲ್ಲ. ಗಟ್ಟಿತನ ನಿಲ್ಲಲು ಬುಡಕ್ಕೆ ಹಾಕುವ ಉಂಗುರ ಅರ್ಧ ಗಂಟೆಗಿಂತ ಹೆಚ್ಚು ಇರಬಾರದು. ರಕ್ತ ತೆಳು ಮಾಡುವ ಮಾತ್ರೆ ಇದ್ದವರಿಗೆ ನೀಲಿಗಟ್ಟುತ್ತದೆ, ಅವರು ಕೇಳದೆ ಬಳಸಬಾರದು. ಆದರೆ ಶ್ರಮ ಶ್ರಮವೇ, ಎದೆ ಹಿಡಿಯುವವರಿಗೆ ಪಂಪ್ ಕೊಡುವ ಮೊದಲೂ ಹೃದಯದವರ ಮಾತು ಬೇಕು. ಬೆರಳಿಗೆ ಸ್ಪರ್ಶ ಕಡಿಮೆಯಾದ ಶುಗರಿನವರು ಉಂಗುರ ಮರೆತು ಮಲಗಿದರೆ ಏನು ಗತಿ ಎಂಬುದಕ್ಕೆ ನನ್ನ ಬಳಿ ಒಳ್ಳೆಯ ಉಪಾಯವಿಲ್ಲ, ಹೆಂಡತಿ ಗಡಿಯಾರ ನೋಡುವುದೊಂದೇ.