ಸರ್ಕಾರಿ ಬಾಂಡ್‌ನಲ್ಲಿ ಹಾಕಿದ ಎನ್‌ಪಿಎಸ್ ಹಣ ಇಳಿದದ್ದು ಹೇಗೆ? ಅನುಭವ ಹೇಳಿ

ಕುಂಬಳೆ (ಕೇಳಿದವರು): ನನಗೆ 31. ಕಾಸರಗೋಡಿನಲ್ಲೇ ಕೇಂದ್ರ ಸರ್ಕಾರದ ಸಂಸ್ಥೆಯಲ್ಲಿ ಕೆಲಸ. ನಮ್ಮ ಪೆನ್ಷನ್ ಯೋಜನೆಯಾದ ಎನ್‌ಪಿಎಸ್‌ನಲ್ಲಿ ರಿಸ್ಕ್ ಬೇಡ ಅಂತ ಪೂರ್ತಿ ಸ್ಕೀಮ್ ಜಿ, ಅಂದರೆ ಬರೀ ಸರ್ಕಾರಿ ಬಾಂಡ್ ಆರಿಸಿದ್ದೆ. 2022ರ ಸ್ಟೇಟ್‌ಮೆಂಟ್ ನೋಡಿದರೆ ಕೆಲವು ತಿಂಗಳು ಹಾಕಿದ್ದಕ್ಕಿಂತ ಬೆಲೆ ಕಡಿಮೆ ಇತ್ತು. ವಯಸ್ಸಾದಂತೆ ಷೇರಿನ ಪಾಲು ಇಳಿಯುವ ಎಲ್‌ಸಿ 50ಕ್ಕೆ ಹೋಗಲಾ, ಇಲ್ಲೇ ಇರಲಾ? ನಿವೃತ್ತಿಗೆ ಇನ್ನೂ 29 ವರ್ಷ ಇದೆ.

ಬದಿಯಡ್ಕ: ನಾನು ಖಾಸಗಿ ಕಂಪೆನಿಯಲ್ಲಿ ದುಡಿದು ರಿಟೈರ್ ಆದವನು, ನಮ್ಮದು ಪಿಎಫ್. ಪ್ರತಿ ವರ್ಷ ಬಡ್ಡಿ ಘೋಷಣೆ ಆಗುತ್ತಿತ್ತು, ಪಾಸ್‌ಬುಕ್ಕಿಗೆ ಬೀಳುತ್ತಿತ್ತು, ಒಮ್ಮೆಯೂ ಇಳಿದದ್ದು ನೋಡಿಲ್ಲ. ಮಗಳ ಮದುವೆಗೆ ಒಮ್ಮೆ ತೆಗೆದೆ, ಮನೆಯ ಮಾಡು ರಿಪೇರಿಗೆ ಇನ್ನೊಮ್ಮೆ ತೆಗೆದೆ, ಎರಡನೇ ಸಲ ಅರ್ಜಿಯಲ್ಲಿ ಅಪ್ಪನ ಹೆಸರಿನ ಒಂದು ಅಕ್ಷರ ತಪ್ಪಿದೆ ಅಂತ ವಾಪಸ್ ಕಳಿಸಿ ಕಳಿಸಿ ಸತಾಯಿಸಿದರು, ಮಳೆಗಾಲ ಶುರುವಾದ ಮೇಲೆ ಹಣ ಬಂತು. ಆದರೂ ಅಸಲು ಎಲ್ಲಿಗೂ ಹೋಗಲಿಲ್ಲ. ಸರ್ಕಾರಿ ಬಾಂಡ್ ಇಳಿಯುವುದು ಅಂದರೆ ಎಂಥದ್ದು ಮಾರಾಯ್ರೆ? ಸರ್ಕಾರ ಹಣ ಕೊಡುವುದಿಲ್ಲ ಅಂತ ಹೇಳಿದೆಯಾ? ಲೆಕ್ಕದಲ್ಲಿ ಏನೋ ತಪ್ಪಿದೆ. ನೀವು ಹೋಗಿ ಕೇಳಿ.

ಪೆರ್ಲ: ಲೆಕ್ಕದಲ್ಲಿ ತಪ್ಪಿಲ್ಲ ಅಣ್ಣ. ನಾನು ಬೆಂಗಳೂರಿನಲ್ಲಿ ಬಾಂಡ್ ಕೊಡುಕೊಳ್ಳುವ ಡೆಸ್ಕ್‌ನಲ್ಲೇ ಕೆಲಸ ಮಾಡಿದವಳು, 2022 ನನಗೆ ಚೆನ್ನಾಗಿ ನೆನಪಿದೆ. ಮೇ ತಿಂಗಳ ಶುರುವಿನಲ್ಲಿ ರಿಪೋ, ಅಂದರೆ ರಿಸರ್ವ್ ಬ್ಯಾಂಕ್ ಬ್ಯಾಂಕುಗಳಿಗೆ ಸಾಲ ಕೊಡುವ ದರ, 4 ಪರ್ಸೆಂಟ್ ಇತ್ತು, ಮರು ವರ್ಷದ ಫೆಬ್ರವರಿ ಹೊತ್ತಿಗೆ 6.5 ಆಯಿತು. ಮಾರುಕಟ್ಟೆಯ ಬಡ್ಡಿ ಅದಕ್ಕೂ ಮೊದಲೇ ಏರಿತ್ತು. ಹೀಗೆ ನೋಡಿ. ನಿಮ್ಮ ಫಂಡ್ ಹತ್ತಿರ 7 ಪರ್ಸೆಂಟ್ ಬಡ್ಡಿಯ, ಹತ್ತು ವರ್ಷದ, 100 ರೂಪಾಯಿಯ ಬಾಂಡ್ ಇದೆ ಅಂತಿಟ್ಟುಕೊಳ್ಳಿ. ನಾಳೆ ಸರ್ಕಾರ ಹೊಸ ಬಾಂಡ್‌ಗೆ 8 ಕೊಟ್ಟರೆ ಹಳೆಯ 7ರದ್ದನ್ನು 100 ಕೊಟ್ಟು ಯಾರೂ ತೆಗೆದುಕೊಳ್ಳುವುದಿಲ್ಲ. ಅದರ ಬೆಲೆ ಸುಮಾರು 93ಕ್ಕೆ ಬರುತ್ತದೆ. ಬಡ್ಡಿ 6ಕ್ಕೆ ಇಳಿದರೆ ಅದೇ ಬಾಂಡ್ 107. ಫಂಡ್‌ನವರು ದಿನಾ ಮಾರುಕಟ್ಟೆ ಬೆಲೆಯಲ್ಲೇ ಎನ್‌ಎವಿ, ಅಂದರೆ ಒಂದು ಯೂನಿಟ್‌ನ ಬೆಲೆ, ಕಟ್ಟಬೇಕು, ಅದಕ್ಕೆ ನಿಮಗೆ ಇಳಿತ ಕಂಡಿದೆ. ಸರ್ಕಾರ ಬಡ್ಡಿಯನ್ನೂ ಅಸಲನ್ನೂ ಸರಿಯಾಗಿ ಕೊಡುತ್ತದೆ, ಆ ಭಯ ಬೇಡ. ಬಾಂಡ್‌ನ ಅವಧಿ ಉದ್ದ ಇದ್ದಷ್ಟೂ ಏರಿಳಿತ ಜಾಸ್ತಿ, ಪೆನ್ಷನ್ ಫಂಡ್‌ನವರ ಹತ್ತಿರ ಹತ್ತು ವರ್ಷಕ್ಕಿಂತ ಉದ್ದದ್ದೂ ಬೇಕಾದಷ್ಟು ಇರುತ್ತದೆ.

ಕೇಳಿದವರಿಗೆ 31, ಅವರ ಮಟ್ಟಿಗೆ ಆ ಇಳಿತ ಒಳ್ಳೆಯದೇ. ಮುಂದಿನ 29 ವರ್ಷದ ಕಂತುಗಳೆಲ್ಲ ಜಾಸ್ತಿ ಬಡ್ಡಿಯ ಬಾಂಡ್‌ಗೆ, ಕಡಿಮೆ ಬೆಲೆಯ ಯೂನಿಟ್‌ಗೆ ಹೋಗುತ್ತವೆ. ಈಗ ಖಾತೆಯಲ್ಲಿ ಇರುವುದು ಸ್ವಲ್ಪ, ಬರಬೇಕಾದದ್ದು ಬಹಳ.

ಬದಿಯಡ್ಕ: ಇಳಿದದ್ದು ಒಳ್ಳೆಯದು ಅಂತ ಹೇಳುವವರನ್ನು ಮೊದಲ ಸಲ ನೋಡುತ್ತಿದ್ದೇನೆ. ನಮ್ಮ ಪಿಎಫ್ 2021-22ರಲ್ಲಿ 8.1 ಕೊಟ್ಟಿದೆ. ನಿಮ್ಮ ಜಿ ಎಷ್ಟು ಕೊಟ್ಟಿತು ಆ ವರ್ಷ?

ಪೆರ್ಲ: ಅದಕ್ಕೆ ಎರಡು ವರ್ಷ ಮೊದಲು ನಿಮಗೆ 8.5 ಇತ್ತಲ್ವಾ? ಇಳಿದದ್ದು ನಿಮಗೂ ತಟ್ಟಿದೆ, ಬೇರೆ ದಾರಿಯಲ್ಲಿ ತಟ್ಟಿದೆ. ಪಿಎಫ್‌ನವರೂ ಬಹುಪಾಲು ಬಾಂಡ್‌ಗಳನ್ನೇ ಕೊಳ್ಳುತ್ತಾರೆ. ದಿನದ ಬೆಲೆ ನಿಮ್ಮ ಪಾಸ್‌ಬುಕ್ಕಿನಲ್ಲಿ ಬರೆಯುವುದಿಲ್ಲ, ಅಷ್ಟೇ.

ಬದಿಯಡ್ಕ: ಕಣ್ಣಿಗೆ ಕಾಣದಿದ್ದರೆ ರಾತ್ರಿ ನಿದ್ದೆ ಬರುತ್ತದೆ. ಅದಕ್ಕೂ ಬೆಲೆ ಇದೆ ಅಕ್ಕ.

ಉಪ್ಪಳ: ಬಡ್ಡಿ ಏರಿದ್ದಕ್ಕೆ ನನ್ನ ಮನೆ ಸಾಲದ ಕಂತು ಎಷ್ಟು ಏರಿತು ಗೊತ್ತುಂಟಾ? ಕಂತು ಏರಿಸಬೇಡಿ ಅಂತ ಬರೆದು ಕೊಟ್ಟದ್ದಕ್ಕೆ ಅವಧಿ ಎಳೆದರು. ಈಗ ನನಗೆ 63 ಆಗುವವರೆಗೆ ಸಾಲ. ಬ್ಯಾಂಕಿನ ಹೆಸರು ಹೇಳುವುದಿಲ್ಲ. ನನ್ನ ಸಲಹೆ, ಎನ್‌ಪಿಎಸ್‌ನಲ್ಲಿ ಇದ್ದದ್ದನ್ನು ತೆಗೆದು ಮೊದಲು ಸಾಲ ತೀರಿಸಿ.

ಪೆರ್ಲ: ಅವರು ಸಾಲದ ವಿಷಯ ಕೇಳಲೇ ಇಲ್ಲ. ಟಿಯರ್ 1, ಅಂದರೆ ಪೆನ್ಷನ್‌ನ ಮುಖ್ಯ ಖಾತೆಯಿಂದ ಹಾಗೆ ಬೇಕಾದಾಗ ತೆಗೆಯಲೂ ಆಗುವುದಿಲ್ಲ.

ಮಂಜೇಶ್ವರ: ಕೇಂದ್ರದವರು ಜಿ, ಎಲ್‌ಸಿ ಅಂತ ಆರಿಸುತ್ತಾ ಕೂತಿದ್ದೀರಿ. ನಾನು ಕನ್ನಡ ಶಾಲೆಯ ಮಾಸ್ಟ್ರು, ಕೇರಳ ಸರ್ಕಾರದ ಸಂಬಳ. 2013ರ ಏಪ್ರಿಲ್ 1ರ ನಂತರ ಸೇರಿದವರಿಗೆಲ್ಲ ಎನ್‌ಪಿಎಸ್, ನಾನು ಸೇರಿದ್ದು 2014. ನನ್ನ ಪಕ್ಕದ ಕೋಣೆಯಲ್ಲಿ ಪಾಠ ಮಾಡುವವರು 2012ರಲ್ಲಿ ಸೇರಿದ್ದರಿಂದ ಅವರಿಗೆ ಹಳೆ ಪೆನ್ಷನ್. ಒಂದೇ ಪಠ್ಯ, ಒಂದೇ ಗಂಟೆ. ನಿಮಗೆ ಸರ್ಕಾರ ಸಂಬಳದ 14 ಪರ್ಸೆಂಟ್ ಹಾಕುತ್ತದೆ, ನಮಗೆ 10. ಆ ನಾಲ್ಕು ಪರ್ಸೆಂಟಿನ ಎದುರು ನಿಮ್ಮ ಬಾಂಡ್ ಇಳಿದದ್ದು ಏನೂ ಅಲ್ಲ.

ಇನ್ನೊಂದು ಹೇಳುತ್ತೇನೆ, ಇದನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. 2020ರಲ್ಲಿ ಸಂಬಳದಿಂದ ಕಡಿದ ಹಣ ನನ್ನ ಖಾತೆಗೆ ಬಿದ್ದದ್ದು ತಿಂಗಳುಗಟ್ಟಲೆ ತಡವಾಗಿ. ಏಪ್ರಿಲ್‌ನಲ್ಲಿ ಷೇರು ನೆಲಕ್ಕೆ ಬಿದ್ದಿತ್ತು, ಆಗ ಯೂನಿಟ್ ಅಗ್ಗ. ನನ್ನ ಹಣ ಹೋಗುವಾಗ ಎಲ್ಲ ಏರಿ ಆಗಿತ್ತು. ಸ್ಲಿಪ್ಪಿನ ತಾರೀಕನ್ನೂ ಸ್ಟೇಟ್‌ಮೆಂಟಿನ ತಾರೀಕನ್ನೂ ಪಕ್ಕಪಕ್ಕ ಇಟ್ಟು ನೋಡಿದರೆ ಗೊತ್ತಾಗುತ್ತದೆ. ಕಚೇರಿಯಲ್ಲಿ ಕೇಳಿದರೆ ಒಬ್ಬರು ಇನ್ನೊಬ್ಬರ ಮೇಜು ತೋರಿಸಿದರು. ಆ ಯೂನಿಟ್‌ಗಳು ನನಗೆ ಇನ್ನು ಸಿಗುವುದಿಲ್ಲ. ನಿವೃತ್ತಿಯ ದಿನದವರೆಗೂ ಅದು ಕೊರತೆಯೇ.

ಬದಿಯಡ್ಕ: ಮಾಸ್ಟ್ರೆ, ನಿಮಗೆ ಕೆಲಸದ ಭದ್ರತೆ ಇದೆ. ನಮ್ಮನ್ನು ಬೆಳಿಗ್ಗೆ ಬೇಡ ಅಂದರೆ ಸಂಜೆ ಮನೆಗೆ.

ಮಂಜೇಶ್ವರ: ಭದ್ರತೆಯನ್ನು 60 ದಾಟಿದ ಮೇಲೆ ತಿನ್ನಲಿಕ್ಕೆ ಆಗುತ್ತದಾ? ನಿಮ್ಮ ಬಡ್ಡಿ ಪ್ರತಿ ವರ್ಷ ಘೋಷಣೆ ಆಗಿ ಬರುತ್ತದೆ. ನನಗೆ ಎಷ್ಟು ಸಿಗುತ್ತದೆ ಅಂತ ಇವತ್ತು ಯಾರೂ ಹೇಳಲಾರರು. ಸುಮ್ನೆ ಹೋಲಿಸಬೇಡಿ.

ನೀರ್ಚಾಲು: ಇಬ್ಬರೂ ನಿಲ್ಲಿಸಿ. ನಾನು 2020ರ ಕೊನೆಗೆ ಎನ್‌ಪಿಎಸ್‌ನಿಂದ ಹೊರಗೆ ಬಂದವನು. ಎಲ್ಲರೂ ಒಟ್ಟು ಮೊತ್ತದ ಬಗ್ಗೆ ಮಾತಾಡುತ್ತೀರಿ, ಪೆನ್ಷನ್ ಆಗುವುದು ಅದರ 40 ಪರ್ಸೆಂಟಿಗೆ ಕೊಳ್ಳುವ ಆನ್ಯುಟಿಯಿಂದ, ಅಂದರೆ ಇನ್ಶೂರೆನ್ಸ್ ಕಂಪೆನಿಗೆ ಒಟ್ಟಿಗೆ ಹಣ ಕೊಟ್ಟು ಬದುಕಿರುವವರೆಗೆ ಪಡೆಯುವ ತಿಂಗಳ ಹಣದಿಂದ. ನನ್ನದರಲ್ಲಿ ಆ 40 ಪರ್ಸೆಂಟ್ ಅಂದರೆ 12 ಲಕ್ಷ. ಆಗ ಬಡ್ಡಿ ಪಾತಾಳಕ್ಕೆ ಹೋಗಿತ್ತು, ನನಗೆ ಸಿಕ್ಕಿದ್ದು 5.7 ಪರ್ಸೆಂಟ್, ಅಸಲು ಹೆಂಡತಿಯ ನಂತರ ಮಕ್ಕಳಿಗೆ ಹೋಗುವ ತರದ್ದು. ತಿಂಗಳಿಗೆ 5,700. ನನ್ನ ಸಹೋದ್ಯೋಗಿ ಎರಡು ವರ್ಷ ಬಿಟ್ಟು ಅದೇ ತರದ್ದು ತೆಗೆದುಕೊಂಡರು, ಅವರಿಗೆ 6.9. ಅಷ್ಟೇ ಹಣಕ್ಕೆ 6,900. ಅದು ಬದುಕಿರುವವರೆಗೆ ಬದಲಾಗದ ದರ. ಔಷಧಿಯ ಬಿಲ್ ಕಟ್ಟುವಾಗಲೆಲ್ಲ ಆ 1,200 ನೆನಪಾಗುತ್ತದೆ. ಹುಟ್ಟಿದ ವರ್ಷ ನಾನು ಆರಿಸಿದ್ದಲ್ಲ, ರಿಟೈರ್ ಆಗುವ ವರ್ಷವೂ ನಾನು ಆರಿಸಿದ್ದಲ್ಲ.

ಪೆರ್ಲ: ಅಣ್ಣ, ಬಡ್ಡಿ ಇಳಿದದ್ದರಿಂದ ನಿಮ್ಮ ಬಾಂಡ್‌ನ ಭಾಗ ಆಗ ಏರಿರಬೇಕು. 12 ಲಕ್ಷ ಆದದ್ದರಲ್ಲಿ ಅದರ ಪಾಲೂ ಇದೆ.

ನೀರ್ಚಾಲು: ಇರಬಹುದು. ಏರಿದ್ದು ಒಮ್ಮೆ. ಕಡಿಮೆ ಬರುವುದು ಪ್ರತಿ ತಿಂಗಳು.

ಪೆರ್ಲ: ಅದು ಸರಿ. ಇದನ್ನೇ ಕೇಳಿದವರಿಗೂ ಹೇಳಬೇಕು ಅಂತ ಇದ್ದೆ, ಯಾಕೆಂದರೆ ಎಲ್‌ಸಿ 50 ಅಂದರೆ ಕೊನೆಗೆ ಸೇಫ್ ಅಂತ ಎಲ್ಲರೂ ತಿಳಿದಿದ್ದಾರೆ. ಅದರಲ್ಲಿ 35 ವರ್ಷದವರೆಗೆ ಷೇರು 50, ಆಮೇಲೆ ವರ್ಷಕ್ಕೆ ಎರಡೆರಡು ಪರ್ಸೆಂಟ್ ಇಳಿಯುತ್ತಾ 55ಕ್ಕೆ 10 ಆಗುತ್ತದೆ. ಆಗ ಸರ್ಕಾರಿ ಬಾಂಡ್ 80 ಪರ್ಸೆಂಟ್. ಅಂದರೆ ಷೇರಿನ ಭಯ ಹೋಗುವ ಹೊತ್ತಿಗೆ ಬಡ್ಡಿಯ ಭಯ ಪೂರ್ತಿ ಬರುತ್ತದೆ.

58ರಲ್ಲಿ 40 ಲಕ್ಷ ಇದೆ ಅಂತಿಟ್ಟುಕೊಳ್ಳಿ, ಅದರಲ್ಲಿ 32 ಲಕ್ಷ ಬಾಂಡ್. ಬಡ್ಡಿ ಒಂದು ಪರ್ಸೆಂಟ್ ಏರಿ ಬಾಂಡ್ 7 ಪರ್ಸೆಂಟ್ ಇಳಿದರೆ ಸುಮಾರು 2.24 ಲಕ್ಷ ಹೋಯಿತು. ಕೈಗೆ ಬರುವ 60 ಪರ್ಸೆಂಟ್ 24 ಲಕ್ಷ ಇದ್ದದ್ದು 22.66 ಆಗುತ್ತದೆ. ಆದರೆ ಆನ್ಯುಟಿಯ ದರವೂ 6ರಿಂದ 7 ಆಗಿದ್ದರೆ ತಿಂಗಳ ಪೆನ್ಷನ್ 8,000ದಿಂದ 8,800ಕ್ಕೆ ಏರುತ್ತದೆ. ಒಂದು ಕಡೆ ಹೋದದ್ದು ಇನ್ನೊಂದು ಕಡೆ ಸ್ವಲ್ಪ ವಾಪಸ್ ಬರುತ್ತದೆ. ಕೈಗೆ ಬರುವ ಭಾಗಕ್ಕೆ ಮಾತ್ರ ಈ ಆಸರೆ ಇಲ್ಲ. ಮನೆ ಕಟ್ಟಲಿಕ್ಕೆ ಆ ಹಣವನ್ನೇ ನಂಬಿದವರು ಎರಡು ವರ್ಷ ಮೊದಲೇ ಇದನ್ನು ಯೋಚಿಸಬೇಕು.

31ರಲ್ಲಿ ಮಾತು ಬೇರೆ. ಕೇಳಿದವರದ್ದೂ ಸರ್ಕಾರದ್ದೂ ಸೇರಿ ತಿಂಗಳ ಕಂತು 12,000 ಇದೆ ಅಂತ ಇಟ್ಟು, ಅದು ಏರುವುದೇ ಇಲ್ಲ ಅಂತ ಹಿಡಿದರೂ, 29 ವರ್ಷ 8 ಪರ್ಸೆಂಟಿನಲ್ಲಿ 1.64 ಕೋಟಿ, 9ರಲ್ಲಿ 1.99 ಕೋಟಿ. ಒಂದೇ ಪರ್ಸೆಂಟಿಗೆ 35 ಲಕ್ಷ. 2022ರಲ್ಲಿ ಇಳಿದದ್ದು ಇದರ ಮುಂದೆ ಚಿಲ್ಲರೆ. ಷೇರು ಆ ಒಂದು ಪರ್ಸೆಂಟ್ ತಂದೇ ತರುತ್ತದೆ ಅಂತ ನಾನು ಬರೆದು ಕೊಡಲಾರೆ, ಆದರೆ ಬರೀ ಜಿಯಲ್ಲಿ ಕೂತರೆ ಅದಕ್ಕೆ ದಾರಿಯೇ ಇಲ್ಲ.

ಬದಿಯಡ್ಕ: 29 ವರ್ಷದ ನಂತರದ 1.99 ಕೋಟಿಗೆ ಎಷ್ಟು ಅಕ್ಕಿ ಬರುತ್ತದೆ ಅಂತಲೂ ಹೇಳಿ.

ಪೆರ್ಲ: 1.64 ಕೋಟಿಗೆ ಬರುವುದಕ್ಕಿಂತ ಜಾಸ್ತಿ.

ಕುಂಬಳೆ (ಕೇಳಿದವರು): ಎಲ್ಲರಿಗೂ ಉಪಕಾರ. ಒಂದು ಸಂಶಯ. ಏನೂ ಆರಿಸದೆ ಡಿಫಾಲ್ಟ್‌ನಲ್ಲೇ ಇದ್ದಿದ್ದರೆ? ನಮ್ಮ ಆಫೀಸಿನಲ್ಲಿ ಹೆಚ್ಚಿನವರು ಅಲ್ಲೇ ಇದ್ದಾರೆ.

ಪೆರ್ಲ: 2022ರಲ್ಲಿ ಡಿಫಾಲ್ಟ್‌ನಲ್ಲಿ ಷೇರು 15 ಪರ್ಸೆಂಟ್ ದಾಟುವಂತಿರಲಿಲ್ಲ, ಉಳಿದದ್ದು ಸರ್ಕಾರಿ ಬಾಂಡ್ ಮತ್ತು ಕಂಪೆನಿ ಬಾಂಡ್. ವಯಸ್ಸು 25 ಆದರೂ 59 ಆದರೂ ಅದೇ ಮಿತಿ ಇತ್ತು. ತಮಾಷೆಯಲ್ಲ, 53 ದಾಟಿದ ಮೇಲೆ ಎಲ್‌ಸಿ 50ರಲ್ಲಿ ಷೇರು ಆ 15ಕ್ಕಿಂತಲೂ ಕಡಿಮೆ. ವ್ಯತ್ಯಾಸ ಇರುವುದು ಈಗಿನ ಇಪ್ಪತ್ತು ವರ್ಷದಲ್ಲಿ.

ಮಂಜೇಶ್ವರ: ನನಗೆ ಸಿಕ್ಕಿದ್ದು ಆ 15ರ ಸ್ಕೀಮೇ. ಕೇಳಿ ಕೊಟ್ಟದ್ದಲ್ಲ.

ಬದಿಯಡ್ಕ: 2020ರಲ್ಲಿ ಷೇರು ಬಿದ್ದಾಗ ಅದೇ 15 ನಿಮ್ಮನ್ನು ಉಳಿಸಿದ್ದು ಮಾಸ್ಟ್ರೆ.

ಮಂಜೇಶ್ವರ: ಬಿದ್ದಾಗ ಕೊಳ್ಳಲು ಬಿಟ್ಟಿದ್ದರೆ ಉಳಿಸುವ ಅಗತ್ಯವೇ ಇರಲಿಲ್ಲ. ಮೇಲೆ ಬರೆದದ್ದನ್ನು ಓದಿ ಮಾತಾಡಿ.

ನೀರ್ಚಾಲು: ಕುಂಬಳೆಯವರೇ, ನೀವು ಯಾವುದನ್ನೇ ಆರಿಸಿ. 60 ಆದ ದಿನವೇ ಆನ್ಯುಟಿ ಕೊಳ್ಳಬೇಕೆಂದಿಲ್ಲ, ಮುಂದೂಡಲು ಅರ್ಜಿ ಕೊಡಬಹುದು. ಬೇರೆ ಆದಾಯ ಇದ್ದವರಿಗೆ ಅದು ಆಗುತ್ತದೆ. ನನಗೆ ತಿಂಗಳ ಖರ್ಚಿಗೆ ಆಗಲೇ ಬೇಕಿತ್ತು, ಕಾಯಲು ಆಗಲಿಲ್ಲ. ಕೊಳ್ಳುವ ಮೊದಲು ಎಲ್ಲ ಇನ್ಶೂರೆನ್ಸ್ ಕಂಪೆನಿಗಳ ದರವನ್ನೂ ಅದೇ ದಿನ ಕೇಳಿ ಬರೆದಿಟ್ಟುಕೊಳ್ಳಿ. ಒಂದೇ ತರದ್ದಕ್ಕೂ ದರದಲ್ಲಿ ವ್ಯತ್ಯಾಸ ಇರುತ್ತದೆ.

ಉಪ್ಪಳ: ಕಾಯುವಾಗ ಬಡ್ಡಿ ಇನ್ನೂ ಇಳಿದರೆ?

ನೀರ್ಚಾಲು: ಇಳಿಯಬಹುದು. ಅದನ್ನು ಪೆರ್ಲದವರೂ ಹೇಳಲಾರರು.